ಕುದಿಯುವ ನೀರಲ್ಲಿ ಮೊಟ್ಟೆ ಯಾಕೆ ಒಡೆಯುತ್ತೆ, ತಾತ?

ಮೊಟ್ಟೆ ಬೇಯಿಸುವುದರಲ್ಲಿ ಕಲಿಯುವುದೇನಿದೆ ಎಂದು ಅನೇಕರು ನಗುತ್ತಾರೆ. ನೀರಿಗೆ ಹಾಕು, ಒಲೆ ಹಚ್ಚು, ಇಳಿಸು, ಅಷ್ಟೇ ತಾನೆ? ಆದರೂ ಆರು ಮೊಟ್ಟೆ ಬೇಯಲು ಇಟ್ಟರೆ ಒಂದಾದರೂ ‘ಟಪ್’ ಎಂದು ಸೀಳಿ, ಬಿರುಕಿನಿಂದ ಬಿಳಿ ಬಾಲ ಹೊರಬಿಟ್ಟುಕೊಂಡು ನೀರಲ್ಲಿ ಕೂರುವುದನ್ನು ನೀವೆಲ್ಲ ನೋಡಿದ್ದೀರಿ. ಐದು ಸುಮ್ಮನಿದ್ದು ಆ ಒಂದೇ ಯಾಕೆ ಒಡೆಯಿತು? ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನನಗೆ ಈ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕೇಳಿದ್ದು ಆರನೇ ತರಗತಿಯ ನನ್ನ ಮೊಮ್ಮಗಳು, ನಿವೃತ್ತನಾಗಿ ಎಂಟು ವರ್ಷವಾದ ಮೇಲೆ.

ಅವಳು ಓದುವುದು ನಮ್ಮೂರ ಸರ್ಕಾರಿ ಶಾಲೆಯಲ್ಲಿ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ 2024ರ ಸೆಪ್ಟೆಂಬರ್‌ನಿಂದ ಬಿಸಿಯೂಟದ ಜೊತೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿದ್ದಾರೆ. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಲೆಕ್ಕ ಸರಳ: ಒಂದು ಮಗುವಿಗೆ ಒಂದು ಮೊಟ್ಟೆ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆದ್ದರಿಂದ ಒಡೆದು ಅರ್ಧ ನೀರುಪಾಲಾದ ಮೊಟ್ಟೆಯೂ ಯಾರದೋ ತಟ್ಟೆಗೆ ಹೋಗಲೇಬೇಕು.

“ತಾತ, ಚೆನ್ನಾಗಿರೋದನ್ನೆಲ್ಲ ಮುಂದೆ ನಿಂತೋರು ತಗೊಂಡ್ಬಿಡ್ತಾರೆ. ಒಡೆದಿದ್ದು ಕೊನೇಲಿ ನಿಂತಿರೋ ಒಂದನೇ ಕ್ಲಾಸ್ ಮಕ್ಕಳಿಗೆ ಬರುತ್ತೆ. ನಿನ್ನೆ ಒಬ್ಬ ಅತ್ತೇಬಿಟ್ಟ. ನೀನು ಸೈನ್ಸ್ ಮೇಷ್ಟ್ರಲ್ವಾ, ಹೇಳು, ಯಾಕೆ ಒಡೆಯುತ್ತೆ?” ಎಂದಳು.

ಪ್ರಶ್ನೆ ಚಿಕ್ಕದಲ್ಲ ಅನ್ನಿಸಿತು. ಮೊದಲು ನಮ್ಮ ಮನೆಯ ಅಡುಗೆಮನೆಯಲ್ಲಿ ನೋಡೋಣ, ಆಮೇಲೆ ಶಾಲೆಯ ಮಾತು ಎಂದೆ.

ಒಂದು ಮೊಟ್ಟೆಯನ್ನು ಅವಳ ಕೈಗಿಟ್ಟೆ. ಅದಕ್ಕೆ ಒಂದು ಚೂಪು ತುದಿ, ಒಂದು ದಪ್ಪ ತುದಿ ಇರುತ್ತದಲ್ಲವೆ? ಆ ದಪ್ಪ ತುದಿಯ ಒಳಗೆ ಒಂದು ಪುಟ್ಟ ಗಾಳಿಕೋಣೆ ಇದೆ. ಕೋಳಿಯ ಮೈ ನಮ್ಮ ಮೈಗಿಂತ ಬಿಸಿ, ಸುಮಾರು 41 ಡಿಗ್ರಿ ಸೆಲ್ಸಿಯಸ್. ಮೊಟ್ಟೆ ಹೊರಬಿದ್ದ ಮೇಲೆ ಆರುತ್ತದೆ. ಆರಿದಾಗ ಒಳಗಿನ ಬಿಳಿ, ಹಳದಿ ಕೊಂಚ ಕುಗ್ಗುತ್ತವೆ. ಕುಗ್ಗಿದ ಜಾಗಕ್ಕೆ ಹೊರಗಿನ ಗಾಳಿ ನುಸುಳುತ್ತದೆ. ಚಿಪ್ಪಿನ ಒಳಗೆ ಅಂಟಿಕೊಂಡ ಎರಡು ತೆಳು ಪೊರೆಗಳು ದಪ್ಪ ತುದಿಯಲ್ಲಿ ಒಂದನ್ನೊಂದು ಬಿಟ್ಟು, ನಡುವೆ ಆ ಗಾಳಿಗೆ ಜಾಗ ಕೊಡುತ್ತವೆ.

“ಚಿಪ್ಪು ಮುಚ್ಚಿದೆಯಲ್ಲ, ಗಾಳಿ ಎಲ್ಲಿಂದ ಹೋಗುತ್ತೆ?” ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಮೊಟ್ಟೆಯ ಚಿಪ್ಪಿನಲ್ಲಿ ಕಣ್ಣಿಗೆ ಕಾಣದ ಸಾವಿರಾರು ಸಣ್ಣ ರಂಧ್ರಗಳಿವೆ. ಒಳಗೆ ಮರಿ ಬೆಳೆಯುವಾಗ ಉಸಿರಾಡಬೇಕಲ್ಲ, ಅದಕ್ಕಾಗಿ. ಅದೇ ರಂಧ್ರಗಳಿಂದ ದಿನವೂ ಒಂದಿಷ್ಟು ನೀರಿನಂಶ ಆವಿಯಾಗಿ ಹೊರಹೋಗುತ್ತದೆ. ಹೋದಷ್ಟೂ ಗಾಳಿಕೋಣೆ ದೊಡ್ಡದಾಗುತ್ತದೆ. ನಿಮ್ಮ ಅಜ್ಜಿ ಮೊಟ್ಟೆಯನ್ನು ಬೋಗುಣಿಯ ನೀರಿಗೆ ಬಿಟ್ಟು ಹೊಸದೋ ಹಳೆಯದೋ ಎಂದು ಹೇಳುತ್ತಿದ್ದರೆ, ಅವರು ಅಳೆಯುತ್ತಿದ್ದುದು ಈ ಗಾಳಿಕೋಣೆಯನ್ನೇ. ಹೊಸ ಮೊಟ್ಟೆ ತಳದಲ್ಲಿ ಅಡ್ಡ ಮಲಗುತ್ತದೆ. ಹಳೆಯದಾದಂತೆ ದಪ್ಪ ತುದಿ ಮೇಲೆತ್ತಿ ನಿಲ್ಲುತ್ತದೆ. ತೀರಾ ಹಳೆಯದು ತೇಲುತ್ತದೆ.

ಈಗ ಗಾಳಿಗೆ ಬಿಸಿ ತಾಗಿದರೆ ಏನಾಗುತ್ತದೆ ಎಂದು ತೋರಿಸಬೇಕಿತ್ತು. ಅದಕ್ಕೆ ಮೊಟ್ಟೆಯೇ ಬೇಕಿಲ್ಲ, ಆದ್ದರಿಂದ ಮೊಟ್ಟೆ ತಿನ್ನದ ಮನೆಯ ಮಕ್ಕಳೂ ಇದನ್ನು ಮಾಡಿ ನೋಡಬಹುದು. ಒಂದು ಖಾಲಿ ಗಾಜಿನ ಬಾಟಲಿಯನ್ನು ಮುಚ್ಚಳ ತೆಗೆದು ಅರ್ಧ ಗಂಟೆ ಫ್ರಿಜ್‌ನಲ್ಲಿಡಿ. ಹೊರತೆಗೆದು, ಬಾಯಿಯ ಅಂಚಿಗೆ ನೀರು ಸವರಿ, ಬಾಯಿ ಪೂರ್ತಿ ಮುಚ್ಚುವಂಥ ನಾಣ್ಯವೊಂದನ್ನು ಅದರ ಮೇಲಿಡಿ. ಎರಡೂ ಅಂಗೈಗಳಿಂದ ಬಾಟಲಿಯನ್ನು ಬಿಗಿಯಾಗಿ ಹಿಡಿದು ಕಾಯಿರಿ. ನಾಣ್ಯ ‘ಟಕ್ ಟಕ್’ ಎಂದು ತಾನಾಗಿ ಎದ್ದು ಬೀಳುತ್ತದೆ. ಅಂಗೈಯ ಬಿಸಿಗೇ ಒಳಗಿನ ಗಾಳಿ ಹಿಗ್ಗಿ, ದಾರಿ ಮಾಡಿಕೊಂಡು ಹೊರಬರುತ್ತಿದೆ. ಮೊಮ್ಮಗಳು ಅದನ್ನು ನಾಲ್ಕು ಸಲ ಮಾಡಿದಳು.

ಮೊಟ್ಟೆಯ ಗಾಳಿಕೋಣೆಗೂ ಇದೇ ಪಾಡು. 25 ಡಿಗ್ರಿಯಲ್ಲಿದ್ದ ಗಾಳಿಯನ್ನು ಕುದಿಯುವ ನೀರಿನ ಬಿಸಿಗೆ ಏರಿಸಿದರೆ ಅದಕ್ಕೆ ಮೊದಲಿಗಿಂತ ಸುಮಾರು ಕಾಲು ಭಾಗ ಹೆಚ್ಚು ಜಾಗ ಬೇಕು. ಫ್ರಿಜ್‌ನಿಂದ ತೆಗೆದ, 4 ಡಿಗ್ರಿಯಷ್ಟು ತಣ್ಣಗಿರುವ ಮೊಟ್ಟೆಯಾದರೆ ಸುಮಾರು ಮೂರನೇ ಒಂದು ಭಾಗ ಹೆಚ್ಚು. ಚಿಪ್ಪು ಬಲೂನಿನ ಹಾಗೆ ಹಿಗ್ಗುವುದಿಲ್ಲ. ಆ ಹೆಚ್ಚಿನ ಗಾಳಿ ಚಿಪ್ಪಿನ ರಂಧ್ರಗಳಿಂದಲೇ ಹೊರಗೆ ಬರಬೇಕು. ನಿಧಾನವಾಗಿ ಬಿಸಿ ಮಾಡಿದರೆ ಬರುತ್ತದೆ. ಒಮ್ಮೆಲೇ ಬಿಸಿ ಮಾಡಿದರೆ, ಸಿನಿಮಾ ಬಿಟ್ಟಾಗ ಒಂದೇ ಬಾಗಿಲಿಗೆ ನೂರು ಜನ ನುಗ್ಗಿದಂತೆ ಒಳಗೆ ಒತ್ತಡ ಏಳುತ್ತದೆ.

ಇಲ್ಲಿ ಚಿಪ್ಪಿನ ಸ್ವಭಾವವನ್ನೂ ಸ್ವಲ್ಪ ತಿಳಿಯಬೇಕು. ಅದು ಸುಣ್ಣದ ಕಲ್ಲಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟಿನಿಂದಲೇ ಆದದ್ದು. ದಪ್ಪ ಎಷ್ಟು ಎಂದರೆ ನಿಮ್ಮ ನೋಟ್‌ಬುಕ್ಕಿನ ಮೂರು ನಾಲ್ಕು ಹಾಳೆ ಸೇರಿಸಿದಷ್ಟು. ಆದರೂ ಕೋಳಿ ಅದರ ಮೇಲೆ ಕೂತು ಕಾವು ಕೊಡುತ್ತದೆ, ಮೊಟ್ಟೆ ಒಡೆಯುವುದಿಲ್ಲ. ವಿಜಯಪುರದ ಗೋಳಗುಮ್ಮಟದ ಗುಮ್ಮಟ ತನ್ನ ಭಾರವನ್ನು ತಾನೇ ಹೊತ್ತು ನಿಂತಿರುವ ಹಾಗೆ, ಹೊರಗಿನಿಂದ ಒತ್ತಿದ ಭಾರವನ್ನು ಚಿಪ್ಪಿನ ಬಾಗು ಸುತ್ತಲೂ ಹಂಚಿಬಿಡುತ್ತದೆ. ಕಲ್ಲು, ಸುಣ್ಣದಂಥ ವಸ್ತುಗಳು ಅದುಮಿದರೆ ತಾಳುತ್ತವೆ, ಎಳೆದರೆ ತಾಳುವುದಿಲ್ಲ. ಒಳಗಿನಿಂದ ಒತ್ತಿದಾಗ ಚಿಪ್ಪಿಗೆ ಆಗುವುದು ಎಳೆತವೇ. ಅದಕ್ಕೇ, ತಾಯಿಕೋಳಿಯ ಭಾರಕ್ಕೆ ಒಡೆಯದ ಚಿಪ್ಪನ್ನು ಆಗತಾನೇ ಕೊಕ್ಕು ಬಲಿತ ಮರಿ ಒಳಗಿನಿಂದ ಕುಟ್ಟಿ ಒಡೆದು ಬರುತ್ತದೆ. ಒಳಗಿನ ಬಿಸಿಗಾಳಿಯೂ ಆ ಮರಿಯ ಹಾಗೆಯೇ, ಒಡೆಯಲು ಸುಲಭವಾದ ದಿಕ್ಕಿನಿಂದ ಒತ್ತುತ್ತದೆ.

ಇದರ ಜೊತೆಗೆ ಇನ್ನೊಂದು ಕಾರಣವೂ ಸೇರುತ್ತದೆ. ತಣ್ಣನೆಯ ಗಾಜಿನ ಲೋಟಕ್ಕೆ ಕುದಿಯುವ ಕಾಫಿ ಸುರಿದರೆ ಅದು ಚಟ್ ಎನ್ನುವುದುಂಟು. ಒಂದು ಪಕ್ಕ ಬಿಸಿಯಾಗಿ ಹಿಗ್ಗುತ್ತದೆ, ಇನ್ನೊಂದು ಪಕ್ಕ ಇನ್ನೂ ತಣ್ಣಗೇ ಇರುತ್ತದೆ. ಎರಡರ ಜಗಳದಲ್ಲಿ ಗಾಜು ಬಿರಿಯುತ್ತದೆ. ಮೊಟ್ಟೆಯ ಚಿಪ್ಪು ಬಹಳ ತೆಳುವಾದ್ದರಿಂದ ಲೋಟದಷ್ಟು ಕಷ್ಟ ಅದಕ್ಕಿಲ್ಲ. ಆದರೆ ಮೊದಲೇ ಕೂದಲೆಳೆಯಷ್ಟು ಬಿರುಕಿದ್ದರೆ ಆ ಜಗಳ ಅಲ್ಲೇ ಶುರುವಾಗಿ ಉದ್ದಕ್ಕೆ ಓಡುತ್ತದೆ.

ಇಷ್ಟು ಮಾತಾದ ಮೇಲೆ ಒಲೆ ಹಚ್ಚಿದೆವು. ಒಂದು ಸಣ್ಣ ಪಾತ್ರೆಯಲ್ಲಿ ನೀರು ಕಾಯಿಸಿ, ಕುದಿ ಬಂದ ಕೂಡಲೇ ಉರಿ ಸಣ್ಣಗೆ ಮಾಡಿದೆ. ನೀರಿನ ಗುಳ್ಳೆಗಳು ಅಡಗಿದ ಮೇಲೆ, ಹೊರಗಿಟ್ಟಿದ್ದ ಒಂದು ಮೊಟ್ಟೆಯನ್ನು ಜಾಲರಿ ಸೌಟಿನಲ್ಲಿ ಇಳಿಸಿದೆ. “ದಪ್ಪ ತುದಿ ನೋಡು” ಎಂದೆ. ಅಲ್ಲಿಂದ ಪುಟ್ಟ ಪುಟ್ಟ ಗುಳ್ಳೆಗಳು ಹಲವು ಕಡೆಯಿಂದ ಸಾಲಾಗಿ ಏಳತೊಡಗಿದವು. “ತಾತ, ಮೊಟ್ಟೆ ಉಸಿರು ಬಿಡ್ತಿದೆ!” ಎಂದು ಕೂಗಿದಳು. ಅದೇ ಗಾಳಿಕೋಣೆಯ ಗಾಳಿ. ಇದನ್ನು ನೋಡಬೇಕಾದರೆ ನೀರು ಕೊತಕೊತ ಕುದಿಯುತ್ತಿರಬಾರದು. ಕುದಿಯುವಾಗ ನೀರಿನದೇ ಗುಳ್ಳೆಗಳ ನಡುವೆ ಇದು ಕಾಣುವುದಿಲ್ಲ. ಒಲೆಯ ಹತ್ತಿರ ದೊಡ್ಡವರೊಬ್ಬರು ಇರಲೇಬೇಕು.

ಎರಡನೆಯ ಮೊಟ್ಟೆಗೆ ಗುಂಡುಸೂಜಿಯಲ್ಲಿ ಚುಚ್ಚಿದೆ. ಚುಚ್ಚುವುದಕ್ಕೂ ಒಂದು ಕ್ರಮ ಇದೆ. ಸೂಜಿಯನ್ನು ಮೊದಲು ಬಿಸಿನೀರಲ್ಲಿ ತೊಳೆಯಬೇಕು. ದಪ್ಪ ತುದಿಯ ನಟ್ಟನಡುವೆ ಇಟ್ಟು, ಕುಕ್ಕದೆ, ಬೆರಳಲ್ಲಿ ಮೆಲ್ಲಗೆ ತಿರುಗಿಸುತ್ತ ಒತ್ತಬೇಕು. ಚಿಪ್ಪು ದಾಟಿದ್ದು ಬೆರಳಿಗೇ ತಿಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಅಲ್ಲಿರುವುದು ಗಾಳಿಕೋಣೆಯಾದ್ದರಿಂದ ಬಿಳಿ ಹೊರಬರುವುದಿಲ್ಲ. ಆಳಕ್ಕೆ ಹೋಗಿ ಒಳಪೊರೆ ಹರಿದರೆ ಮಾತ್ರ ಸೋರುತ್ತದೆ. ಈ ಮೊಟ್ಟೆಯನ್ನು ನೀರಿಗೆ ಇಳಿಸಿದಾಗ ಗುಳ್ಳೆಗಳು ಹಲವು ಕಡೆಯಿಂದ ಏಳಲಿಲ್ಲ. ಸೂಜಿಯ ತೂತಿನಿಂದ ಒಂದೇ ದಾರವಾಗಿ, ಜೋರಾಗಿ ಎದ್ದವು. ಸಾವಿರ ಕಿಂಡಿಗಳಿಗಿಂತ ಒಂದು ಬಾಗಿಲು ದೊಡ್ಡದು.

ಬೆಂದ ಮೇಲೆ ಎರಡನ್ನೂ ಸುಲಿದೆವು. ಚುಚ್ಚದ ಮೊಟ್ಟೆಯ ದಪ್ಪ ತುದಿ ಚಪ್ಪಟೆಯಾಗಿ, ಹೆಬ್ಬೆರಳಲ್ಲಿ ಒತ್ತಿದ ಹಾಗೆ ತಗ್ಗಾಗಿತ್ತು. ಚುಚ್ಚಿದ್ದು ಹೆಚ್ಚುಕಡಿಮೆ ಗುಂಡಗಿತ್ತು. ಗಾಳಿ ಹೊರಟುಹೋದ ಜಾಗಕ್ಕೆ ಬಿಳಿ ಹರಿದು ತುಂಬಿಕೊಂಡು ಗಟ್ಟಿಯಾಗಿತ್ತು.

ಹಾಗಾದರೆ ಎಲ್ಲ ಮೊಟ್ಟೆಗೂ ಚುಚ್ಚಿಬಿಟ್ಟರೆ ಆಯಿತಲ್ಲ ಎಂದಳು ಮೊಮ್ಮಗಳು. ಇಲ್ಲೇ ನಿಧಾನಿಸಬೇಕು. ಚುಚ್ಚುವುದು ಗಾಳಿಯ ಒತ್ತಡ ಎಂಬ ಒಂದು ಕಾರಣಕ್ಕೆ ಮಾತ್ರ ಮದ್ದು. ಮೊದಲೇ ಇರುವ ಬಿರುಕಿಗೆ, ಪಾತ್ರೆಗೆ ಬಡಿದು ಆಗುವ ಬಿರುಕಿಗೆ ಅದರಿಂದ ಏನೂ ಪ್ರಯೋಜನವಿಲ್ಲ. ಒರಟಾಗಿ ಚುಚ್ಚಿದರೆ ಆ ತೂತಿನ ಸುತ್ತಲೇ ನಕ್ಷತ್ರದ ಹಾಗೆ ಗೆರೆ ಮೂಡಿ, ಉಳಿಸಲು ಹೋದ ಮೊಟ್ಟೆಯನ್ನು ನಾವೇ ಒಡೆದಂತಾಗುತ್ತದೆ. ಇನ್ನೊಂದು ವಿಷಯ ಶುಚಿಯದು. ಸೂಜಿ ಕೊಳಕಾಗಿದ್ದರೆ ರೋಗಾಣುಗಳು ಒಳಗೆ ಹೋಗುತ್ತವೆ. ಬೆಂದ ಮೇಲೂ ಆ ತೂತು ತೆರೆದೇ ಇರುತ್ತದೆ. ಅಮೆರಿಕದ ಕೃಷಿ ಇಲಾಖೆ ಈ ಕಾರಣಕ್ಕೇ ಮೊಟ್ಟೆ ಚುಚ್ಚಬೇಡಿ ಎನ್ನುತ್ತದೆ. ಮನೆಯಲ್ಲಿ ನಾಲ್ಕು ಮೊಟ್ಟೆಗೆ, ತೊಳೆದ ಸೂಜಿಯಲ್ಲಿ ಚುಚ್ಚಿ, ಕೂಡಲೇ ಪೂರ್ತಿ ಬೇಯಿಸಿ, ಆಗಲೇ ತಿನ್ನುವುದಾದರೆ ನಾನು ಬೇಡ ಎನ್ನುವುದಿಲ್ಲ. ತೊಂಬತ್ತು ಮಕ್ಕಳ ಮೊಟ್ಟೆಗೆ ಅದು ಸರಿಯಾದ ದಾರಿಯಲ್ಲ. ಮೈಕ್ರೋವೇವ್ ಒಲೆಯಲ್ಲಂತೂ ಚಿಪ್ಪಿನ ಸಮೇತ ಮೊಟ್ಟೆ ಇಡಲೇಬಾರದು. ಚುಚ್ಚಿದ್ದರೂ ಅದು ಸಿಡಿಯಬಹುದು.

ಮರುದಿನ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು ಶಾಲೆಯ ಅಡುಗೆಮನೆಗೆ ಹೋದೆ. ಅಡುಗೆಯವರು ಇಬ್ಬರು. ಹಿರಿಯರಾದ ಅಮ್ಮನಿಗೆ ನನ್ನ ಮಗಳ ವಯಸ್ಸು. “ಬನ್ನಿ ಮೇಷ್ಟ್ರೇ, ನಮ್ಮ ಮೊಟ್ಟೆ ಪಂಚಾಯ್ತಿ ನೋಡೋಕೆ ಬಂದ್ರಾ?” ಎಂದು ನಕ್ಕರು. ಅವರು ಮಾಡುವುದನ್ನು ಸುಮ್ಮನೆ ಕೂತು ನೋಡಿದೆ.

ಮೂರು ಟ್ರೇ, ತೊಂಬತ್ತು ಮೊಟ್ಟೆ. ಅನ್ನ, ಸಾಂಬಾರು ಇಳಿಸಿದ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಇಟ್ಟು, ಉರಿ ಪೂರ್ತಿ ತಿರುಗಿಸಿ, ಕೊತಕೊತ ಕುದಿ ಬಂದ ಮೇಲೆ ಬೇಸಿನ್‌ನಿಂದ ಮೊಟ್ಟೆಗಳನ್ನು ಒಳಗೆ ಉರುಳಿಸಿದರು. ಹಾಗೆ ಉರುಳಿಸುವಾಗಲೇ ಎರಡು ಮೂರು ಕಡೆ ‘ಚಿಟ್’ ಎಂದ ಸದ್ದು ಕೇಳಿಸಿತು. ಆಮೇಲೆ ಉರಿ ಸಣ್ಣಗೆ ಮಾಡಲಿಲ್ಲ. ಮೊಟ್ಟೆಗಳು ಒಂದರ ಮೇಲೊಂದು ಮೂರು ಸಾಲು. ತಳದಿಂದ ಏಳುವ ಗುಳ್ಳೆಗಳು ಅವನ್ನು ಎತ್ತಿ ಎತ್ತಿ ಕೆಡವುತ್ತಿದ್ದವು. ಪಾತ್ರೆಯಿಂದ ಗಡಗಡ ಸದ್ದು ಬರುತ್ತಿತ್ತು. ಆ ದಿನ ಹನ್ನೊಂದು ಮೊಟ್ಟೆ ಒಡೆದವು.

“ಉರಿ ಸ್ವಲ್ಪ ತಗ್ಗಿಸಬಹುದಲ್ಲಮ್ಮ?” ಎಂದೆ.

“ತಗ್ಗಿಸಿದ್ರೆ ಬೇಯೋದು ತಡ ಆಗಲ್ವಾ ಮೇಷ್ಟ್ರೇ? ಬೆಲ್ ಹೊಡೆಯೋದ್ರೊಳಗೆ ಸುಲಿದೂ ಆಗ್ಬೇಕು” ಎಂದರು.

ಅವರ ಅವಸರ ಸುಳ್ಳಲ್ಲ. ಆದರೆ ಜೋರು ಉರಿಯಿಂದ ಬೇಗ ಬೇಯುತ್ತದೆ ಎಂಬುದು ಮಾತ್ರ ನಿಜವಲ್ಲ. ನೀರು ಒಮ್ಮೆ ಕುದಿಯಲು ಶುರುವಾದ ಮೇಲೆ ಎಷ್ಟೇ ಉರಿ ಕೊಟ್ಟರೂ ಅದರ ಬಿಸಿ ಹೆಚ್ಚುವುದಿಲ್ಲ. ಹೆಚ್ಚಿನ ಉರಿಯೆಲ್ಲ ನೀರನ್ನು ಆವಿ ಮಾಡುವುದಕ್ಕೇ ಹೋಗುತ್ತದೆ. ಮಂಗಳೂರಿನ ಕಡಲ ದಂಡೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಅಲ್ಲಿಂದ ಮುಂದೆ ಅದು ಏರುವುದಿಲ್ಲ. ಮೊಟ್ಟೆಗೆ ಅಷ್ಟೂ ಬೇಕಿಲ್ಲ. ಹಳದಿ 70 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗುತ್ತದೆ, ಬಿಳಿ 80 ಡಿಗ್ರಿಯ ಹೊತ್ತಿಗೆ ಪೂರ್ತಿ ಗಟ್ಟಿ. ಅಂದರೆ ನೀರು ಸದ್ದಿಲ್ಲದೆ, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುವಷ್ಟು ಬಿಸಿಯಲ್ಲಿದ್ದರೂ ಮೊಟ್ಟೆ ಚೆನ್ನಾಗಿ ಬೇಯುತ್ತದೆ. ಜೋರು ಕುದಿತದಿಂದ ಹೆಚ್ಚುವುದು ಗ್ಯಾಸಿನ ಖರ್ಚು ಮತ್ತು ಮೊಟ್ಟೆಗಳ ಬಡಿದಾಟ, ಎರಡೇ.

ಇದನ್ನು ಕೇಳಿ ಅಮ್ಮ ಸ್ವಲ್ಪ ಯೋಚಿಸಿದರು. “ಅನ್ನ ಬೇಯೋವಾಗ ಇನ್ನೊಂದು ಒಲೆ ಖಾಲೀನೇ ಇರುತ್ತೆ. ಆಗಲೇ ಮೊಟ್ಟೆ ಇಟ್ಬಿಟ್ರೆ?” ಎಂದು ಅವರೇ ದಾರಿ ಹೇಳಿದರು. ಮರುದಿನದ ಕ್ರಮವನ್ನು ಇಬ್ಬರೂ ಸೇರಿ ಹಾಕಿಕೊಂಡೆವು.

ಮೊದಲ ಕೆಲಸ, ಒಲೆಗೆ ಇಡುವ ಮುಂಚೆ ಮೊಟ್ಟೆಗಳನ್ನು ಪರೀಕ್ಷಿಸುವುದು. ಎರಡು ಮೊಟ್ಟೆಗಳನ್ನು ಒಂದಕ್ಕೊಂದು ತೀರಾ ಮೆಲ್ಲಗೆ ತಾಗಿಸಿದರೆ, ಗಟ್ಟಿ ಮೊಟ್ಟೆಗಳು ‘ಟಿಣ್’ ಎಂದು ತೆಳುವಾಗಿ ಸದ್ದು ಕೊಡುತ್ತವೆ. ಬಿರುಕಿದ್ದರೆ ಒಡೆದ ಮಡಕೆಯ ಹಾಗೆ ಮಂಕಾದ ಸದ್ದು. ಸಂತೆಯಲ್ಲಿ ಮಡಕೆ ತಟ್ಟಿ ನೋಡಿ ಕೊಳ್ಳುತ್ತಿದ್ದ ನಮ್ಮ ಕಾಲದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಅನುಮಾನ ಬಂದರೆ ಕತ್ತಲಲ್ಲಿ ಹಿಂದಿನಿಂದ ಟಾರ್ಚ್ ಹಿಡಿದರೆ ಬಿರುಕು ಬೆಳ್ಳನೆಯ ಗೆರೆಯಾಗಿ ಹೊಳೆಯುತ್ತದೆ. ಆ ದಿನ ತೊಂಬತ್ತರಲ್ಲಿ ನಾಲ್ಕು ಮೊಟ್ಟೆಗೆ ಅಂಥ ಗೆರೆಯಿತ್ತು. ಟ್ರೇ ಸಾಗಿಸುವಾಗಲೇ ಆದದ್ದು. ಅವನ್ನು ಬೇರೆ ಇಟ್ಟು, ಅಂಗಡಿಯವರಿಂದ ಬದಲಿಗೆ ನಾಲ್ಕು ತರಿಸಿದರು. ಒಲೆಯ ಮೇಲೆ ಕುದಿಯುವಾಗ ಬಿರಿದ ಮೊಟ್ಟೆಯನ್ನು ಪೂರ್ತಿ ಬೇಯಿಸಿ ತಿಂದರೆ ಭಯವಿಲ್ಲ. ಆದರೆ ಎಲ್ಲೋ, ಯಾವಾಗಲೋ ಒಡೆದು ಬಂದದ್ದರ ಒಳಗೆ ಏನು ಸೇರಿದೆಯೋ ಯಾರಿಗೆ ಗೊತ್ತು? ಅದು ಮಕ್ಕಳ ತಟ್ಟೆಗೆ ಬೇಡ.

ಎರಡನೆಯದು, ತಣ್ಣೀರಿನಿಂದ ಶುರುಮಾಡುವುದು. ಒಂದು ದೊಡ್ಡ ಪಾತ್ರೆಯ ಬದಲು ಎರಡು ಅಗಲವಾದ ಪಾತ್ರೆ ತೆಗೆದುಕೊಂಡರು. ಮೊಟ್ಟೆಗಳನ್ನು ಕೈಯಿಂದಲೇ ಜೋಡಿಸಿ, ಮೇಲೆ ಒಂದು ಅಂಗುಲ ನಿಲ್ಲುವಷ್ಟು ನಲ್ಲಿಯ ನೀರು ಹಾಕಿ ಒಲೆಗಿಟ್ಟರು. ನೀರು, ಚಿಪ್ಪು, ಒಳಗಿನ ಗಾಳಿ ಎಲ್ಲವೂ ಜೊತೆಜೊತೆಗೇ ಬಿಸಿಯಾಗುತ್ತ ಹೋದವು. ಗಾಳಿಗೆ ರಂಧ್ರಗಳಿಂದ ಹೊರಬರಲು ಪುರುಸೊತ್ತು ಸಿಕ್ಕಿತು. ಪಾತ್ರೆಯೊಳಗೆ ಸಣ್ಣ ಗುಳ್ಳೆಗಳ ಸಾಲು ಏಳುತ್ತಿದ್ದುದನ್ನು ಕಿರಿಯ ಅಕ್ಕನಿಗೆ ತೋರಿಸಿದೆ. “ಇಷ್ಟು ದಿನ ನೀರು ಕುದೀತಿದೆ ಅಂದ್ಕೊಂಡಿದ್ದೆ” ಎಂದರು.

ಮೂರನೆಯದು, ಕುದಿ ಬಂದ ಮೊದಲ ಕ್ಷಣದಲ್ಲೇ ಉರಿ ತಗ್ಗಿಸುವುದು. ಸರಿಯಾದ ಉರಿ ಯಾವುದೆಂದು ಕಣ್ಣಿಗಿಂತ ಕಿವಿಗೆ ಬೇಗ ತಿಳಿಯುತ್ತದೆ. ಮೊಟ್ಟೆ ಪಾತ್ರೆಗೆ ಬಡಿಯುವ ಸದ್ದು ಕೇಳಿದರೆ ಉರಿ ಹೆಚ್ಚಾಯಿತು ಎಂದರ್ಥ. ಸದ್ದು ನಿಲ್ಲುವವರೆಗೆ ತಗ್ಗಿಸಿ, ಮುಚ್ಚಳ ಮುಚ್ಚಿ, ಹನ್ನೆರಡು ನಿಮಿಷ ಬಿಟ್ಟರು. ಒಂದನ್ನು ಸುಲಿದು ಕೊಯ್ದು, ಹಳದಿ ನಡುವಿನವರೆಗೆ ಗಟ್ಟಿಯಾಗಿದೆ ಎಂದು ನೋಡಿಕೊಂಡ ಮೇಲೆಯೇ ಬಿಸಿನೀರು ಬಸಿದು ತಣ್ಣೀರು ತುಂಬಿದರು.

ಆ ದಿನ ಒಡೆದದ್ದು ಎರಡು. ಅಷ್ಟೇ. ಒಂದು ದಿನದ ಲೆಕ್ಕದಿಂದ ನಿಯಮ ಕಟ್ಟಬಾರದು ಎಂದು ನಾನೇ ಮಕ್ಕಳಿಗೆ ಹೇಳುತ್ತಿದ್ದವನು. ಆದ್ದರಿಂದ ಆ ವಾರವೆಲ್ಲ ಎಣಿಸಲು ಮೊಮ್ಮಗಳಿಗೆ ಹೇಳಿದೆ. ಒಂದು ದಿನ ಮೂರು, ಒಂದು ದಿನ ಒಂದೂ ಇಲ್ಲ, ಉಳಿದ ದಿನ ಒಂದೋ ಎರಡೋ. ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಕೆಲವು ಚಿಪ್ಪುಗಳು ಹುಟ್ಟಿನಿಂದಲೇ ತೆಳು. ವಯಸ್ಸಾದ ಕೋಳಿಯ ಮೊಟ್ಟೆ ದೊಡ್ಡದಾಗಿ, ಚಿಪ್ಪು ಅದಕ್ಕೆ ತಕ್ಕಷ್ಟು ದಪ್ಪವಾಗದೆ ಉಳಿಯುತ್ತದೆ. ಅಂಥದಕ್ಕೆ ಒಲೆಯ ಹತ್ತಿರ ಮದ್ದಿಲ್ಲ.

ಆದರೆ ಹೊಸದೊಂದು ತಕರಾರು ಹುಟ್ಟಿತು. “ಒಡೆಯೋದೇನೋ ಕಮ್ಮಿ ಆಯ್ತು ಮೇಷ್ಟ್ರೇ. ಆದರೆ ಸಿಪ್ಪೆ ಬಿಡಿಸೋಕೆ ಹೋದ್ರೆ ಮೊಟ್ಟೆನೂ ಕಿತ್ಕೊಂಡು ಬರುತ್ತೆ!” ಎಂದರು ಅಮ್ಮ. ಅವರು ಹೇಳಿದ್ದು ಸರಿ. ತಣ್ಣೀರಿನಿಂದ ನಿಧಾನವಾಗಿ ಬಿಸಿಯಾದಾಗ ಬಿಳಿ ಭಾಗ ಪೊರೆಗೆ ಅಂಟಿಕೊಂಡೇ ಗಟ್ಟಿಯಾಗುತ್ತದೆ. ಬಿಸಿನೀರಿಗೆ ನೇರ ಹಾಕಿದರೆ ಹೊರಗಿನ ಬಿಳಿ ಥಟ್ಟನೆ ಗಟ್ಟಿಯಾಗಿ ಪೊರೆಯನ್ನು ಬಿಟ್ಟುಕೊಡುತ್ತದೆ. ಮೊಟ್ಟೆ ತೀರಾ ಹೊಸದಾಗಿದ್ದರೆ ಅಂಟುವುದು ಇನ್ನೂ ಹೆಚ್ಚು. ಒಡೆಯದಿರಲು ತಣ್ಣೀರು ಮೇಲು, ಸುಲಿಯಲು ಬಿಸಿನೀರು ಮೇಲು. ಎರಡೂ ಬೇಕೆಂದರೆ ನಡುದಾರಿ ಹಿಡಿಯಬೇಕು.

ನಡುದಾರಿ ಹೀಗೆ. ಮೊಟ್ಟೆಗಳನ್ನು ಸ್ನಾನದ ನೀರಿನಷ್ಟು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಇಡುವುದು. ಆಗ ಅವು 40 ಡಿಗ್ರಿಯ ಹತ್ತಿರ ಬರುತ್ತವೆ. ಗಾಳಿ ಸ್ವಲ್ಪ ಆಗಲೇ ಹೊರಟಿರುತ್ತದೆ. ಇನ್ನೊಂದು ಪಾತ್ರೆಯಲ್ಲಿ ನೀರು ಕುದಿಸಿ, ಉರಿ ತಗ್ಗಿಸಿ, ಕುದಿತ ಅಡಗಿದ ಮೇಲೆ ಜಾಲರಿ ಸೌಟಿನಲ್ಲಿ ಒಂದೊಂದಾಗಿ ತಳ ಮುಟ್ಟಿಸಿ ಬಿಡುವುದು. ಮೇಲಿನಿಂದ ಬೀಳಿಸುವುದಿಲ್ಲ. ಆಮೇಲೆ ಮೊದಲಿನಂತೆ ಸಣ್ಣ ಉರಿ, ಸದ್ದಿಲ್ಲದ ನೀರು. ಫ್ರಿಜ್‌ನಿಂದ ತೆಗೆದ ಮೊಟ್ಟೆಯನ್ನು ನೇರ ಕುದಿಯುವ ನೀರಿಗೆ ಹಾಕಿದರೆ ತೊಂಬತ್ತು ಡಿಗ್ರಿಗೂ ಹೆಚ್ಚಿನ ಜಿಗಿತ. ಹೀಗೆ ಮಾಡಿದರೆ ಐವತ್ತು ಚಿಲ್ಲರೆ. ಶಾಲೆಯಲ್ಲಿ ಈಗ ಇದೇ ಕ್ರಮ ನಡೆಯುತ್ತಿದೆ. ಮೊಟ್ಟೆಯನ್ನು ಬಂದ ದಿನವೇ ಬೇಯಿಸದೆ ಮೂರು ನಾಲ್ಕು ದಿನ ಬಿಟ್ಟು ಬೇಯಿಸುತ್ತಾರೆ, ಅದರಿಂದಲೂ ಸುಲಿಯುವುದು ಸಲೀಸಾಗಿದೆ.

ಮನೆಯಲ್ಲಿ ಆರೆಂಟು ಮೊಟ್ಟೆ ಬೇಯಿಸುವವರಿಗೆ ಇನ್ನೂ ಸುಲಭದ ದಾರಿ ಇಡ್ಲಿ ಪಾತ್ರೆ. ನನ್ನ ಹೆಂಡತಿಯ ಉಪಾಯ ಇದು. ಇಡ್ಲಿ ತಟ್ಟೆಯ ಗುಳಿಗಳಲ್ಲಿ ಒಂದೊಂದು ಮೊಟ್ಟೆ ಇಟ್ಟು ಹಬೆಯಲ್ಲಿ ಬೇಯಿಸುತ್ತಾಳೆ. ನೀರು ಕೆಳಗೆ ಎಷ್ಟು ಕುದಿದರೂ ಗುಳಿಯಲ್ಲಿ ಕೂತ ಮೊಟ್ಟೆ ಅಲುಗುವುದಿಲ್ಲ, ಹಾಗಾಗಿ ಬಡಿದಾಟದ ಪ್ರಶ್ನೆಯೇ ಇಲ್ಲ. ಹಬೆಯೂ ಬಿಸಿಯಾದ್ದರಿಂದ ಸಿಪ್ಪೆ ಸುಲಭವಾಗಿ ಬರುತ್ತದೆ. ಹನ್ನೆರಡು ಹದಿಮೂರು ನಿಮಿಷ ಸಾಕು. ಫ್ರಿಜ್‌ನ ಮೊಟ್ಟೆಯಾದರೆ ಇಲ್ಲಿಯೂ ಮೊದಲು ಬೆಚ್ಚನೆಯ ನೀರಲ್ಲಿಟ್ಟೇ ಇಡಬೇಕು.

ನೀರಿಗೆ ಉಪ್ಪು ಹಾಕಿದರೆ ಒಡೆಯುವುದಿಲ್ಲ ಎಂದು ಹಲವು ಅಜ್ಜಿಯರು ಹೇಳುತ್ತಾರೆ. ಒಂದೆರಡು ಚಮಚ ಉಪ್ಪಿನಿಂದ ಚಿಪ್ಪು ಗಟ್ಟಿಯಾಗುವುದಿಲ್ಲ. ಆದರೆ ಬಿರುಕಿನಿಂದ ಹೊರಬಂದ ಬಿಳಿ ಉಪ್ಪುನೀರಲ್ಲಿ ಬೇಗ ಹೆಪ್ಪುಗಟ್ಟಿ ಆ ಬಿರುಕಿಗೆ ತಾನೇ ಬಿರಡೆಯಾಗುತ್ತದೆ. ಒಡೆದ ಮೊಟ್ಟೆಯೂ ಖಾಲಿಯಾಗದೆ ಉಳಿಯುತ್ತದೆ. ಅಜ್ಜಿಯರ ಕೈಯಲ್ಲಿ ಮದ್ದಿದ್ದುದು ನಿಜ, ಅದು ಒಡೆಯುವುದಕ್ಕಲ್ಲ, ಸೋರುವುದಕ್ಕೆ. ಶಾಲೆಯ ಪಾತ್ರೆಗೂ ಈಗ ಒಂದು ಹಿಡಿ ಉಪ್ಪು ಬೀಳುತ್ತದೆ.

ಇನ್ನು ಆ ಒಂದೋ ಎರಡೋ ಒಡೆದ ಮೊಟ್ಟೆಗಳ ಪಾಲು. ಅವನ್ನು ಕೊನೆಗೆ ತಳ್ಳದೆ ಅಡುಗೆಯ ಅಮ್ಮ ಮೊದಲೇ ಸುಲಿದು, ಒಡೆದ ಅಂಚನ್ನು ಕೊಯ್ದು ತೆಗೆದು, ದೊಡ್ಡ ತರಗತಿಯ ಸಾಲಿನ ಮುಂದೆ ಇಡುತ್ತಾರೆ. ಏಳನೇ ತರಗತಿಯವರು ಮಾತಿಲ್ಲದೆ ತೆಗೆದುಕೊಳ್ಳುತ್ತಾರಂತೆ. ಒಂದನೇ ತರಗತಿಯ ಮಕ್ಕಳ ತಟ್ಟೆಗೆ ಈಗ ಬರುವುದು ಇಡೀ ಮೊಟ್ಟೆ. ಅವರಲ್ಲಿ ಒಬ್ಬ ಹುಡುಗ ದಿನವೂ ತನ್ನ ಮೊಟ್ಟೆಯ ದಪ್ಪ ತುದಿಯನ್ನು ತಿರುಗಿಸಿ ನೋಡಿ, ತಗ್ಗು ದೊಡ್ಡದೋ ಚಿಕ್ಕದೋ ಎಂದು ಪಕ್ಕದವನದರ ಜೊತೆ ಹೋಲಿಸಿಯೇ ಬಾಯಿಗಿಡುತ್ತಾನೆ ಎಂದು ಮೊಮ್ಮಗಳು ವರದಿ ತಂದಿದ್ದಾಳೆ. ತಗ್ಗು ಎಷ್ಟು ದೊಡ್ಡದೋ ಮೊಟ್ಟೆ ಅಷ್ಟು ಹಳೆಯದು ಎಂದು ಅವನಿಗೆ ಹೇಳಿಕೊಟ್ಟವಳು ಅವಳೇ.